ಎಂಟನೇ ಕ್ಲಾಸಿನ ಗಣಿತ ಇಂಗ್ಲಿಷಿಗೆ ಹೋದಾಗ: ನನ್ನ ಅನುಭವ

ನಾನು ಪಾಠ ಮಾಡುವುದು ಮುಂಬಯಿಯ ಒಂದು ಕನ್ನಡ ಶಾಲೆಯಲ್ಲಿ. ಏಳನೇ ತರಗತಿಯವರೆಗೆ ಎಲ್ಲವೂ ಕನ್ನಡ. ಎಂಟಕ್ಕೆ ಬಂದ ಕೂಡಲೇ ಗಣಿತ, ವಿಜ್ಞಾನ ಎರಡೂ ಇಂಗ್ಲಿಷ್. ಇದಕ್ಕೇ ಸೆಮಿ ಇಂಗ್ಲಿಷ್ ಅನ್ನುವುದು, ಮಹಾರಾಷ್ಟ್ರದ ಶಿಕ್ಷಕರಿಗೆ ನಾನು ಹೇಳಬೇಕಿಲ್ಲ. ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಕನ್ನಡ ಪುಸ್ತಕ ಕೆಳಗಿಟ್ಟು ಇಂಗ್ಲಿಷಿನದು ಕೈಗೆತ್ತಿಕೊಂಡರೆ ಗಣಿತ ತಾನಾಗಿ ಸಾಗುತ್ತದೆ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಿದ್ದರು. ಅಂಕಿ ಅವೇ, ಚಿಹ್ನೆ ಅವೇ ಅಲ್ವಾ?

ಬೀಜಗಣಿತದ ವಿಸ್ತರಣಾ ಸೂತ್ರ, ಅಪವರ್ತನ ಎಲ್ಲ ನಿಜಕ್ಕೂ ಸಾಗಿತು. ನಿಂತದ್ದು ಹೇಳಿಕೆ ಲೆಕ್ಕಗಳಲ್ಲಿ. ಏಕಚರ ಸಮೀಕರಣದ ಪಾಠ ಬಂದಾಗ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಪೇಪರ್ ಖಾಲಿ ಬಿಡುತ್ತಿದ್ದರು, ಇಲ್ಲವೇ ಸಮೀಕರಣವನ್ನೇ ತಪ್ಪಾಗಿ ಬರೆಯುತ್ತಿದ್ದರು. ಹಾಗಾಗಿ ಇಲ್ಲಿ ಬರೆಯುವುದು ಹೇಳಿಕೆ ಲೆಕ್ಕದ ಬಗ್ಗೆ ಮಾತ್ರ.

ಮೊದಲು ಯಾವುದು ಕೆಲಸ ಮಾಡಲಿಲ್ಲ ಅಂತ ಹೇಳುತ್ತೇನೆ. ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ.

ಒಂದು ವರ್ಷ ಪೂರ್ತಿ ಇಂಗ್ಲಿಷಿನಲ್ಲೇ ಮಾಡಿ ಅಂತ ಆಡಳಿತ ಮಂಡಳಿ ಹೇಳಿತು, ಮಾಡಿದೆ. ತರಗತಿ ಬಹಳ ಶಿಸ್ತಾಗಿ ಕಾಣುತ್ತಿತ್ತು. ವಾಕ್ಯದ ಕೊನೆಯ ಪದ ಬಿಟ್ಟರೆ ಮಕ್ಕಳು ಒಟ್ಟಾಗಿ ಕೂಗಿ ತುಂಬುತ್ತಿದ್ದರು. ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರೆ ಮೌನ. ಒಟ್ಟಾಗಿ ಉತ್ತರ ಬರುತ್ತಿದೆ, ಆದರೆ ಯಾರೂ ಪ್ರಶ್ನೆ ಕೇಳುತ್ತಿಲ್ಲ ಅಂದರೆ ಅಲ್ಲಿ ಕಲಿಕೆ ನಡೆಯುತ್ತಿಲ್ಲ.

ಮರುವರ್ಷ ಒಂದು ವಾಕ್ಯ ಇಂಗ್ಲಿಷ್, ಅದರ ಹಿಂದೆಯೇ ಕನ್ನಡ. ಮಕ್ಕಳಿಗೆ ಬಹಳ ಖುಷಿ. ಆದರೆ ಎರಡೇ ವಾರದಲ್ಲಿ ಅವರು ಇಂಗ್ಲಿಷ್ ವಾಕ್ಯ ಕೇಳುವುದನ್ನೇ ಬಿಟ್ಟರು. ನಾನು ಇಂಗ್ಲಿಷ್ ಹೇಳುವಾಗ ಪೆನ್ಸಿಲ್ ಕೆತ್ತುವುದು, ಕಿಟಕಿ ನೋಡುವುದು. ಕನ್ನಡ ಶುರುವಾದ ಕೂಡಲೇ ತಲೆ ಎತ್ತುವುದು. ಹಿಂದಿನಿಂದ ಕನ್ನಡ ಬರುತ್ತದೆ ಅಂತ ಗೊತ್ತಿದ್ದರೆ ಯಾರು ತಾನೇ ಇಂಗ್ಲಿಷ್ ಕೇಳುತ್ತಾರೆ? ಅದೂ ಅಲ್ಲದೆ ಪಾಠ ಎರಡು ಪಟ್ಟು ಸಮಯ ತಿಂದಿತು. ದೀಪಾವಳಿ ರಜೆಯ ಹೊತ್ತಿಗೆ ಮೂರು ಪಾಠ ಹಿಂದಿದ್ದೆವು.

ಆಮೇಲೆ ಪದಗಳ ಚಾರ್ಟ್. ‘ಮೋರ್’ ಅಂದರೆ ಕೂಡು, ‘ಲೆಸ್’ ಅಂದರೆ ಕಳೆ, ‘ಟೈಮ್ಸ್’ ಅಂದರೆ ಗುಣಿಸು. ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಹಚ್ಚಿದೆವು. ಎರಡೂವರೆ ಸಾವಿರದ ಹತ್ತಿರ ಖರ್ಚು, ಅರ್ಧ ನನ್ನ ಕೈಯಿಂದ. ಮಕ್ಕಳು ವಾಕ್ಯ ಓದುವುದನ್ನು ಬಿಟ್ಟು ಪದ ಹುಡುಕಲು ಶುರು ಮಾಡಿದರು. ರವಿಯ ಹತ್ತಿರ 12 ಗೋಲಿ ಇವೆ, ಅದು ಮೀನಾಳ ಗೋಲಿಗಳಿಗಿಂತ 5 ಕಡಿಮೆ, ಮೀನಾಳ ಹತ್ತಿರ ಎಷ್ಟು ಅಂತ ಇಂಗ್ಲಿಷಿನಲ್ಲಿ ಕೊಟ್ಟರೆ, ‘ಲೆಸ್’ ಕಂಡ ಕೂಡಲೇ 7 ಅಂತ ಬರೆದರು. ಉತ್ತರ 17. ಆ ಚಾರ್ಟನ್ನು ನಾನೇ ಕಿತ್ತು ತೆಗೆದೆ. ಈಗಲೂ ಬೇರೆ ಶಾಲೆಗಳಲ್ಲಿ ಅಂಥ ಚಾರ್ಟ್ ಕಂಡರೆ ತೆಗೆಯಿರಿ ಅಂತ ಹೇಳಿಬಿಡುತ್ತೇನೆ.

ದಾರಿ ಸಿಕ್ಕಿದ್ದು ಎರಡು ಪೇಪರ್‌ಗಳಿಂದ. ಒಂದೇ ಬಗೆಯ ಎಂಟು ಲೆಕ್ಕ. ಸೋಮವಾರ ಇಂಗ್ಲಿಷಿನಲ್ಲಿ, ಗುರುವಾರ ಅಂಕಿ ಬದಲಿಸಿ ಕನ್ನಡದಲ್ಲಿ. ಇಂಗ್ಲಿಷ್ ಪೇಪರ್ ಮೊದಲು ಕೊಡಬೇಕು, ಇಲ್ಲದಿದ್ದರೆ ಕನ್ನಡದಲ್ಲಿ ಮಾಡಿದ್ದು ನೆನಪಿನಿಂದ ಬರುತ್ತದೆ. ತಿದ್ದಿದ ಪೇಪರ್‌ಗಳನ್ನು ಮೇಜಿನ ಮೇಲೆ ನಾಲ್ಕು ಗುಡ್ಡೆ ಮಾಡಿದೆ. ಮೂವತ್ತೈದು ಮಕ್ಕಳ ತರಗತಿ. ಎರಡರಲ್ಲೂ ಸರಿ ಮಾಡಿದವರು ಏಳೆಂಟು. ಎರಡರಲ್ಲೂ ತಪ್ಪು ಮಾಡಿದವರೂ ಹೆಚ್ಚುಕಡಿಮೆ ಅಷ್ಟೇ. ಕನ್ನಡದಲ್ಲಿ ಸರಿ, ಇಂಗ್ಲಿಷಿನಲ್ಲಿ ತಪ್ಪು ಮಾಡಿದವರು ಹದಿನೇಳು ಹದಿನೆಂಟು! ಇಂಗ್ಲಿಷಿನಲ್ಲಿ ಸರಿ, ಕನ್ನಡದಲ್ಲಿ ತಪ್ಪು ಮಾಡಿದವರೂ ಎರಡು ಮೂರು ಮಂದಿ ಇದ್ದರು. ಇವರು ಟ್ಯೂಷನ್‌ನಲ್ಲಿ ಲೆಕ್ಕದ ನಮೂನೆ ಬಾಯಿಪಾಠ ಮಾಡಿದವರು. ನಮೂನೆ ಸ್ವಲ್ಪ ಬದಲಾದರೆ ಕೈಬಿಡುತ್ತಾರೆ.

ಇಷ್ಟು ದಿನ ಎಲ್ಲರನ್ನೂ ‘ಗಣಿತದಲ್ಲಿ ಹಿಂದೆ’ ಅಂತ ಒಂದೇ ಸಾಲಿಗೆ ಸೇರಿಸಿ ರೆಮೆಡಿಯಲ್ ಕ್ಲಾಸಿನಲ್ಲಿ ಸಂಕಲನ, ವ್ಯವಕಲನ ಮಾಡಿಸುತ್ತಿದ್ದೆವು. ಆ ಹದಿನೇಳು ಮಕ್ಕಳಿಗೆ ಗಣಿತ ಬರುತ್ತಿತ್ತು.

ಅವರ ತಪ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಹೆಚ್ಚಿನವು ಒಂದೇ ಜಾಗದಲ್ಲಿದ್ದವು. ಒಂದು ಲೆಕ್ಕ ತೆಗೆದುಕೊಳ್ಳೋಣ. ತಂದೆಯ ವಯಸ್ಸು ಮಗನ ವಯಸ್ಸಿನ ಮೂರು ಪಟ್ಟಿಗಿಂತ 4 ಕಡಿಮೆ. ಇಬ್ಬರ ವಯಸ್ಸು ಸೇರಿ 52. ಮಗನ ವಯಸ್ಸೆಷ್ಟು? ಕನ್ನಡದಲ್ಲಿ ಓದಿಕೊಂಡು ಹೋದಂತೆ ಬರೆಯಬಹುದು. ಮೂರು ಪಟ್ಟು ಮೊದಲು, 4 ಆಮೇಲೆ, ಕೊನೆಗೆ ಕಡಿಮೆ. ಅಂದರೆ 3x − 4. ಇಂಗ್ಲಿಷಿನಲ್ಲಿ ‘ಫೋರ್ ಲೆಸ್ ದ್ಯಾನ್ ತ್ರೀ ಟೈಮ್ಸ್ ದ ಸನ್ಸ್ ಏಜ್’. ಇದನ್ನೂ ಓದಿದ ಸಾಲಿನಲ್ಲೇ ಬರೆದರೆ 4 − 3x ಆಗುತ್ತದೆ. ಮಕ್ಕಳು ಅದನ್ನೇ ಬರೆದಿದ್ದರು:

x + 4 − 3x = 52
−2x = 48
x = −24

ಬಿಡಿಸಿದ ರೀತಿ ಪೂರ್ತಿ ಸರಿ, ಮಗನ ವಯಸ್ಸು ಮಾತ್ರ ಮೈನಸ್ 24. ಸರಿಯಾದ ಸಮೀಕರಣದಲ್ಲಿ 4x = 56, ಮಗನಿಗೆ 14, ತಂದೆಗೆ 38. ‘ಸಬ್‌ಟ್ರ್ಯಾಕ್ಟ್ 7 ಫ್ರಮ್ 15’ ಕೂಡ ಇದೇ ಕಥೆ. ಕನ್ನಡದಲ್ಲಿ 15 ಮೊದಲು, ಇಂಗ್ಲಿಷಿನಲ್ಲಿ 7 ಮೊದಲು. ‘5 ಮೋರ್ ದ್ಯಾನ್’ ಲೆಕ್ಕಗಳಲ್ಲಿ ಈ ತೊಂದರೆ ಕಾಣುವುದೇ ಇಲ್ಲ, ಏಕೆಂದರೆ ಕೂಡುವಾಗ ಹಿಂದುಮುಂದಾದರೂ ಉತ್ತರ ಬದಲಾಗುವುದಿಲ್ಲ. ಹಾಗಾಗಿ ಕಳೆಯುವ ಮತ್ತು ಭಾಗಿಸುವ ಹೇಳಿಕೆಗಳಲ್ಲೇ ಪರೀಕ್ಷಿಸಬೇಕು.

ಇದಾದ ಮೇಲೆ ನನ್ನ ಪಾಠದ ನಡೆ ಹೀಗಾಯಿತು. ಮೊದಲ ಎಂಟು ಹತ್ತು ನಿಮಿಷ ಕನ್ನಡ. ಲೆಕ್ಕದ ಸಂಗತಿಯನ್ನು ಅಂಕಿ ಇಲ್ಲದೆ ಹೇಳುತ್ತೇನೆ. ತಂದೆ ಮಗ ಇದ್ದಾರೆ, ಯಾರು ದೊಡ್ಡವರು, ಎಷ್ಟು ಪಟ್ಟಿನ ಆಸುಪಾಸು, ಉತ್ತರ ಐವತ್ತು ದಾಟಬಹುದಾ? ಮಕ್ಕಳು ಊಹಿಸುತ್ತಾರೆ. ಹೀಗೆ ಊಹಿಸಿದ ಮಗು ಮೈನಸ್ 24 ಬಂದರೆ ತಾನೇ ನಿಲ್ಲುತ್ತದೆ. ಆಮೇಲೆ ಹದಿನೈದಿಪ್ಪತ್ತು ನಿಮಿಷ ಬರೀ ಇಂಗ್ಲಿಷ್. ಇಲ್ಲಿ ಅನುವಾದ ಮಾಡುವುದೇ ಇಲ್ಲ, ಮಕ್ಕಳು ಎಷ್ಟೇ ಕೇಳಿದರೂ. ವಾಕ್ಯವನ್ನು ಬೋರ್ಡಿನ ಮೇಲೆ ಬರೆದು ‘ದ್ಯಾನ್’ ಅಥವಾ ‘ಫ್ರಮ್’ ನಂತರ ಬರುವ ಭಾಗಕ್ಕೆ ಪೆಟ್ಟಿಗೆ ಎಳೆಯುತ್ತೇವೆ. ಪೆಟ್ಟಿಗೆಯಲ್ಲಿದ್ದದ್ದನ್ನು ಮೊದಲು ಬರೆಯಬೇಕು. ಪೆಟ್ಟಿಗೆ ಎಳೆಯಬೇಕಾದರೆ ವಾಕ್ಯವನ್ನು ಕೊನೆವರೆಗೆ ಓದಲೇಬೇಕು, ಪದ ಕಂಡ ಕೂಡಲೇ ಕಳೆಯಲು ಆಗುವುದಿಲ್ಲ. ಒಂದು ಎಚ್ಚರಿಕೆ. ‘ದ್ಯಾನ್’ ಮುಂಚೆ ‘ಈಸ್ ಲೆಸ್’ ಅಂತ ಮಾತ್ರ ಇದ್ದು ಎಷ್ಟು ಕಡಿಮೆ ಅಂತ ಅಂಕಿ ಇಲ್ಲದಿದ್ದರೆ ಅದು ಕಳೆಯುವ ಲೆಕ್ಕವಲ್ಲ, ಅಸಮತೆಯ ಚಿಹ್ನೆ ಹಾಕುವ ಲೆಕ್ಕ. ಇವೆರಡನ್ನೂ ಒಂದೇ ದಿನ ತೋರಿಸಬೇಡಿ. ಒಂದು ವಾರ ಅಂತರ ಇರಲಿ.

ನಂತರ ಜೋಡಿಯಲ್ಲಿ ಕೆಲಸ. ಮಾತು ಯಾವ ಭಾಷೆಯಲ್ಲಾದರೂ ಇರಲಿ, ಬರೆಯುವುದು ಇಂಗ್ಲಿಷಿನಲ್ಲಿ. ನಮ್ಮಲ್ಲಿ ಕಲಬುರಗಿ, ವಿಜಯಪುರ ಕಡೆಯ ಮನೆಗಳ ಮಕ್ಕಳಿದ್ದಾರೆ, ಮನೆಯಲ್ಲಿ ತುಳು ಆಡುವವರಿದ್ದಾರೆ, ಆಟಕ್ಕೆ ನಿಂತರೆ ಎಲ್ಲರದ್ದೂ ಹಿಂದಿ. ಹಿಂದಿ ಮಾತಾಡಿದರೆ ಬಯ್ಯಬೇಕು ಅಂತ ಸಹೋದ್ಯೋಗಿಗಳು ಹೇಳಿದರು. ನಾನು ಒಪ್ಪಲಿಲ್ಲ. ತುಳು, ಹಿಂದಿ, ಮರಾಠಿ ಯಾವುದರಲ್ಲಿ ಹೇಳಿದರೂ ಕಳೆಯುವ ಲೆಕ್ಕದಲ್ಲಿ ಕ್ರಮ ಕನ್ನಡದಂತೆಯೇ ಬರುತ್ತದೆ, ಯಾವುದರಿಂದ ಕಳೆಯಬೇಕೋ ಅದು ಮೊದಲು. ಆದ್ದರಿಂದ ಮಾತಿನ ಭಾಷೆ ಬದಲಾದರೆ ಲೆಕ್ಕಕ್ಕೇನೂ ನಷ್ಟವಿಲ್ಲ. ಜೋಡಿಗಳನ್ನು ಯಾವ ಲೆಕ್ಕದ ಮೇಲೆ ಕಟ್ಟುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಜಾಣ ಮಗುವನ್ನು ದಡ್ಡ ಅನ್ನಿಸಿಕೊಂಡ ಮಗುವಿನ ಪಕ್ಕ ಕೂರಿಸುವುದಲ್ಲ ಅಂತಷ್ಟೇ ಹೇಳುತ್ತೇನೆ.

ಕೊನೆಯ ಐದು ನಿಮಿಷ ಪುಸ್ತಕ ಮುಚ್ಚಿ, ಮಾಡಿದ್ದನ್ನು ಕನ್ನಡದಲ್ಲಿ ಹೇಳಬೇಕು. ಬರೀ ನಕಲು ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ನಡುವೆ ಒಂದು ಬೇರೆ ಪ್ರಯೋಗ ಮಾಡಿದೆ. ಇಂಗ್ಲಿಷಿನಲ್ಲಿ ಅಂಕಿ ಹೇಳಿ ಬರೆಸುವಾಗ ಕೆಲವರು 75ಕ್ಕೆ 57 ಬರೆಯುತ್ತಿದ್ದರು. ವಿಚಾರಿಸಿದರೆ ಅವರು ಮನಸ್ಸಿನಲ್ಲಿ ಎಣಿಸುವುದು ಹಿಂದಿ ಅಥವಾ ಮರಾಠಿಯಲ್ಲಿ. ಅಲ್ಲಿ ಐದು ಮೊದಲು, ಎಪ್ಪತ್ತು ಆಮೇಲೆ. ಕನ್ನಡದ ಎಪ್ಪತ್ತೈದು ಇಂಗ್ಲಿಷಿನ ಸಾಲಿನಲ್ಲೇ ಇದೆ. 2019ರಲ್ಲಿ ಬಾಲಭಾರತಿ ಎರಡನೇ ತರಗತಿಯ ಮರಾಠಿ ಗಣಿತದಲ್ಲಿ 21ಕ್ಕೆ ‘ಏಕ್‌ವೀಸ್’ ಜೊತೆಗೆ ‘ವೀಸ್ ಏಕ್’ ಅಂತ ತಂದಾಗ ಇಲ್ಲಿ ಎಷ್ಟು ಗಲಾಟೆ ಆಯಿತು ಅಂತ ನೆನಪಿರಬಹುದು. ನಮ್ಮ ಮಕ್ಕಳಿಗೆ ಅದು ಬೇಕಿಲ್ಲ. ದಿನಕ್ಕೆ ಎರಡು ನಿಮಿಷ ಕನ್ನಡದಲ್ಲೇ ಎಣಿಸಿ ಇಂಗ್ಲಿಷಿನಲ್ಲಿ ಬರೆಸಿದೆ. ತಿಂಗಳೊಳಗೆ ಆ ತಪ್ಪು ಬಹುತೇಕ ಹೋಯಿತು. ಭಿನ್ನರಾಶಿಯಲ್ಲಿ ಮಾತ್ರ ಕನ್ನಡ ಉಲ್ಟಾ, ‘ಐದರಲ್ಲಿ ಮೂರು’ ಅಂತ ಛೇದ ಮೊದಲು ಬರುತ್ತದೆ. ಅದಕ್ಕೆ ಬೇರೆ ಅಭ್ಯಾಸ ಬೇಕಾಯಿತು.

ಕನ್ನಡ ಎಷ್ಟು ದಿನ ಅಂತ ಪಾಲಕರ ಸಭೆಯಲ್ಲಿ ಜಗಳವೇ ಆಯಿತು. ಒಬ್ಬ ತಾಯಿ ಎದ್ದು ನಿಂತು, “ಟ್ಯೂಷನ್‌ಗೆ ತಿಂಗಳಿಗೆ ಆರುನೂರು ಕೊಡ್ತೀನಿ ಸರ್, ಇಂಗ್ಲಿಷ್ ಬರಲಿ ಅಂತ. ನೀವು ಕನ್ನಡದಲ್ಲಿ ಕಥೆ ಹೇಳ್ತೀರಂತೆ,” ಅಂದರು. ನಾನು ಅವರ ಮಗಳ ಎರಡು ಪೇಪರ್ ಕೈಗೆ ಕೊಟ್ಟೆ. ಕನ್ನಡದಲ್ಲಿ ಎಂಟಕ್ಕೆ ಏಳು, ಇಂಗ್ಲಿಷಿನಲ್ಲಿ ಎರಡು. “ಇವಳಿಗೆ ಲೆಕ್ಕ ಬರುತ್ತೆ ತಾಯಿ, ಆರು ತಿಂಗಳು ಕೊಡಿ,” ಅಂದೆ. ಅವರು ಸುಮ್ಮನೆ ಕೂತರು, ಟ್ಯೂಷನ್ ಮಾತ್ರ ಬಿಡಿಸಲಿಲ್ಲ.

ಕನ್ನಡವನ್ನು ನಿಮಿಷದ ಲೆಕ್ಕದಲ್ಲಿ ಕಡಿಮೆ ಮಾಡಲಿಲ್ಲ, ಕೆಲಸ ಬದಲಿಸಿದೆ. ಜೂನ್‌ನಿಂದ ದೀಪಾವಳಿವರೆಗೆ ಮೊದಲ ಹತ್ತು ನಿಮಿಷ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ರಜೆ ಮುಗಿದ ಮೇಲೆ ಮಗುವೇ ಇಂಗ್ಲಿಷ್ ಲೆಕ್ಕ ಓದಿ ಕನ್ನಡದಲ್ಲಿ ಸಂಗತಿ ಹೇಳಬೇಕು. ಜನವರಿಯಿಂದ ಆ ಭಾಗವೂ ಇಂಗ್ಲಿಷ್. ಆದರೆ ಹೊಸ ಪರಿಕಲ್ಪನೆ ಬಂದಾಗ, ಉದಾಹರಣೆಗೆ ವಿಲೋಮ ಅನುಪಾತ ಶುರುವಾದಾಗ, ಮತ್ತೆ ಕನ್ನಡಕ್ಕೆ ಬಂದೆ.

ಖರ್ಚು ಜಾಸ್ತಿ ಆಗಲಿಲ್ಲ. ವಾರಕ್ಕೆ ಝೆರಾಕ್ಸ್‌ಗೆ ನೂರೈವತ್ತರ ಹತ್ತಿರ. ಮೊದಲ ವರ್ಷ ನನ್ನದೇ ಹಣ, ಈಗ ಶಾಲೆ ಕೊಡುತ್ತದೆ. ಸಮಯ ಮಾತ್ರ ಹಿಡಿಯುತ್ತದೆ. ಜೋಡಿ ಪೇಪರ್ ತಯಾರಿಸಿ ತಿದ್ದಲು ಒಂದು ಭಾನುವಾರ ಪೂರ್ತಿ ಬೇಕು.

ಮಾರ್ಚ್‌ನಲ್ಲಿ ಮತ್ತೆ ಎರಡು ಪೇಪರ್ ಕೊಟ್ಟೆ. ಕನ್ನಡದಲ್ಲಿ ಸರಿ, ಇಂಗ್ಲಿಷಿನಲ್ಲಿ ತಪ್ಪು ಅನ್ನುವ ಗುಡ್ಡೆಯಲ್ಲಿ ನಾಲ್ಕೈದು ಪೇಪರ್ ಮಾತ್ರ ಉಳಿದಿದ್ದವು. ಅವರಲ್ಲಿ ಇಬ್ಬರು ವರ್ಷದ ಮಧ್ಯೆ ಊರಿನಿಂದ ಬಂದು ಸೇರಿದವರು. ಆಗದು ಅಂದಿದ್ದ ವಿಜ್ಞಾನದ ಟೀಚರ್ ಆ ಗುಡ್ಡೆಗಳನ್ನು ತಾವೇ ಎಣಿಸಿ ನೋಡಿದರು. ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಎರಡರಲ್ಲೂ ತಪ್ಪು ಮಾಡುವ ಗುಡ್ಡೆ ಹೆಚ್ಚು ಕರಗಲಿಲ್ಲ, ಐದಾರು ಮಂದಿ ಅಲ್ಲೇ ಇದ್ದಾರೆ. ಅವರಿಗೆ ಬೇಕಾದದ್ದು ಋಣಸಂಖ್ಯೆ ಮತ್ತು ಭಿನ್ನರಾಶಿ. ಪೆಟ್ಟಿಗೆ ಎಳೆಯುವುದರಿಂದ ಅವರಿಗೆ ಏನೂ ಆಗುವುದಿಲ್ಲ.

ರೇಖಾಗಣಿತದಲ್ಲಿ ಪ್ರಮೇಯ ಸಾಧಿಸುವುದಕ್ಕೂ ಇದು ಸಾಲುತ್ತಿಲ್ಲ. ಅಲ್ಲಿ ಕಾರಣ ಕೊಟ್ಟು ವಾಕ್ಯ ಬರೆಯಬೇಕು, ಸಮೀಕರಣ ಮಾತ್ರ ಬರೆದರೆ ಆಗದು. ವಿಜ್ಞಾನದಲ್ಲಿ ಕಾರಣ ಕೊಡಿ ಅನ್ನುವ ಪ್ರಶ್ನೆಗಳಿಗೂ ಅದೇ ಕಷ್ಟ. ಈ ಜೂನ್‌ನಿಂದ ಆ ಟೀಚರೂ ನಾನೂ ಸೇರಿ, ‘ಬಿಕಾಸ್’ ಮತ್ತು ‘ದೇರ್‌ಫೋರ್’ ಇರುವ ಅರ್ಧ ವಾಕ್ಯ ಕೊಟ್ಟು ಉಳಿದದ್ದನ್ನು ಬರೆಸಿ ನೋಡುತ್ತಿದ್ದೇವೆ. ಎರಡು ಪೇಪರ್‌ಗಳನ್ನು ಅದಕ್ಕೂ ತಯಾರಿಸಿದ್ದೇವೆ, ಇಂಗ್ಲಿಷಿನದು ಮೊದಲು.