ಫೋಟೋದಲ್ಲಿ ಅಕ್ಕನ ಕೈಗೆ ಹಸಿರು ಬಳೆ ತೊಡಿಸಿದ್ದು

ಅಕ್ಕನ ಸೀಮಂತದ ಒಂದು ಒಳ್ಳೆ ಫೋಟೋ ಬಳೆ ತೊಡಿಸುವ ಮೊದಲೇ ತೆಗೆದದ್ದು. ಕೈ ಬರಿದಾಗಿತ್ತು. ಫೋಟೋಶಾಪ್‌ನಲ್ಲಿ ಆರು ಗಾಜಿನ ಬಳೆ ಸೇರಿಸಿದೆ. ಆದರೆ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುತ್ತಿತ್ತು.

ಅಮ್ಮನ ಕೈ ನೋಡಿದಾಗ ತಪ್ಪು ಗೊತ್ತಾಯಿತು. ಬಳೆ ಮಣಿಕಟ್ಟಿಗಿಂತ ದೊಡ್ಡದು, ಅಲ್ವಾ? ಕೈ ಅಡ್ಡಲಾಗಿ ಚಾಚಿದಾಗ ಅದು ಮೇಲ್ಭಾಗಕ್ಕೆ ಮಾತ್ರ ತಾಗಿ, ಕೆಳಗೆ ಜೋತು ಬೀಳುತ್ತದೆ. ನಾನು ಸುತ್ತಲೂ ಬಿಗಿಯಾಗಿ ಕೂರಿಸಿದ್ದೆ. ಪ್ರತಿ ಬಳೆಯನ್ನೂ ಸ್ವಲ್ಪ ಹಿಗ್ಗಿಸಿ ಕೆಳಗೆ ಎಳೆದೆ. ಕೈಯ ಹಿಂದೆ ಹೋಗುವ ಭಾಗವನ್ನು ಲೇಯರ್ ಮಾಸ್ಕ್‌ನಿಂದ ಮರೆಮಾಡಿದೆ. ಕೆಳಗಿನ ಸಂದಿಯಲ್ಲಿ ಹಿಂಬದಿಯ ಬಳೆ ಇಣುಕುವುದನ್ನು ಮಾತ್ರ ಉಳಿಸಿದೆ. ಅಷ್ಟಕ್ಕೇ ಕೈ ಬಳೆಯೊಳಗೆ ಹೋಯಿತು!

ಕ್ಯಾಮೆರಾ ಬೆರಳುಗಳ ಕಡೆ ಇತ್ತು. ಹಾಗಾಗಿ ಬೆರಳಿಗೆ ಹತ್ತಿರದ ಬಳೆಯ ಲೇಯರ್ ಎಲ್ಲಕ್ಕಿಂತ ಮೇಲೆ. ಒಂದೇ ಬಳೆಯನ್ನು ಕಾಪಿ ಮಾಡಿದ್ದರಿಂದ ಹೊಳಪಿನ ಚುಕ್ಕೆಗಳು ಸಾಲಾಗಿ ನಿಂತಿದ್ದವು. ಒಂದೊಂದನ್ನೂ ಒಂದೆರಡು ಡಿಗ್ರಿ ವಾಲಿಸಿ, ಚುಕ್ಕೆಗಳನ್ನು ಬೇರೆ ಬೇರೆ ಕಡೆ ಸರಿಸಿದೆ.

ನೆರಳಿಗೆ ಕಪ್ಪು ಹಾಕಿದರೆ ಚರ್ಮ ಕೊಳೆಯಾದಂತೆ ಕಾಣುತ್ತದೆ. ಚರ್ಮದ್ದೇ ಗಾಢ ಕೆಂಗಂದು ತೆಗೆದುಕೊಂಡು, ಕೆಳಗಿನ ಬಣ್ಣವನ್ನು ಗಾಢವಾಗಿಸುವ ಮಲ್ಟಿಪ್ಲೈ ಮೋಡ್‌ನಲ್ಲಿ ಒಪಾಸಿಟಿ ಸುಮಾರು 40% ಇಟ್ಟೆ. ಬಳೆ ತಾಗುವಲ್ಲಿ ನೆರಳು ತೆಳು, ಚೂಪು. ಚರ್ಮದಿಂದ ದೂರವಾದಷ್ಟೂ ಅಗಲ, ಮಸುಕು. ಪಕ್ಕದ ಬಳೆಯ ಮೇಲೂ ಒಂದಿಷ್ಟು ನೆರಳು ಬೀಳಲೇಬೇಕು. ಗಾಜು ಬೆಳಕು ಬಿಡುವುದರಿಂದ ನೆರಳಿನೊಳಗೆ ತುಸು ಹಸಿರನ್ನೂ ಸವರಿದೆ.