ಆ ತಾಮ್ರವೆಲ್ಲ ಎಲ್ಲಿ ಹೋಯಿತು?

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗಳಲ್ಲಿ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಬಗ್ಗೆ ಸ್ಲೈಡ್ ತೋರಿಸಿ ಮಾತಾಡುತ್ತೇನೆ. ಬೋರ್ಡೋ ದ್ರಾವಣ ಮಾಡುವುದು ಹೇಗೆ, ಯಾವಾಗ ಹೊಡೆಯಬೇಕು, ಇಷ್ಟೇ ವಿಷಯ. ಮಾತಾಡುವುದು ಸುಲಭ. ಕಷ್ಟವೆಲ್ಲ ಕೊನೆಯ ಸ್ಲೈಡ್ ಆದ ಮೇಲೆ.

ಮೊದಲ ವರ್ಷವೇ ಒಂದು ತಪ್ಪು ಮಾಡಿದ್ದೆ. "ಬೋರ್ಡೋದ ಜೊತೆಗೇ ಕೀಟನಾಶಕ ಬೆರೆಸಬಹುದಾ?" ಎಂದು ಒಬ್ಬರು ಕೇಳಿದರು. ನನಗೆ ಗೊತ್ತಿರಲಿಲ್ಲ. ಆದರೂ "ಸಾಮಾನ್ಯವಾಗಿ ತೊಂದರೆ ಇಲ್ಲ, ಆದರೆ ಸಂದರ್ಭ ನೋಡಿಕೊಂಡು..." ಎಂದು ಎಳೆದೆ. ಬೋರ್ಡೋದಲ್ಲಿ ಮೈಲುತುತ್ತಿನ ಜೊತೆ ಸುಣ್ಣ ಇರುತ್ತದೆ, ಆ ಸುಣ್ಣದ ಗುಣಕ್ಕೆ ಹಲವು ಕೀಟನಾಶಕಗಳು ಹಾಳಾಗುತ್ತವೆ. ಅವರು ಬೆರೆಸಿ ಒಂದು ಡ್ರಮ್ ದಂಡ ಮಾಡಿಕೊಂಡರು. ಅಂದಿನಿಂದ ನನಗೊಂದು ಗುರುತು ಸಿಕ್ಕಿದೆ: ನನ್ನ ಬಾಯಲ್ಲಿ "ಸಾಮಾನ್ಯವಾಗಿ" ಬಂದು ವಾಕ್ಯ ಉದ್ದವಾಯಿತೆಂದರೆ ನಾನು ಬುರುಡೆ ಬಿಡುತ್ತಿದ್ದೇನೆ ಎಂದೇ ಅರ್ಥ.

ಮುಳ್ಳೇರಿಯದ ಸಭೆಯಲ್ಲಿ ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದರು. "ಮಾಸ್ಟ್ರೇ, ಮೂವತ್ತು ವರ್ಷದಿಂದ ಮೈಲುತುತ್ತು ಹೊಡೀತಾ ಇದ್ದೇವೆ. ಆ ತಾಮ್ರವೆಲ್ಲ ಎಲ್ಲಿ ಹೋಯಿತು?"

ಸಭೆ ಸುಮ್ಮನಾಯಿತು. ನಾನು ಉತ್ತರಕ್ಕೆ ಹೋಗದೆ ತಿರುಗಿ ಕೇಳಿದೆ: "ನಿಮಗೆ ಯಾವುದರ ಚಿಂತೆ ಅಣ್ಣಾ? ಅಡಿಕೆಯದ್ದೋ, ಮಣ್ಣಿನದ್ದೋ?" "ಎರೆಹುಳು ಕಾಣುವುದೇ ಇಲ್ಲ" ಎಂದರು. ಹಾಗಾದರೆ ಪ್ರಶ್ನೆ ಒಂದಲ್ಲ, ಎರಡು. ತಾಮ್ರ ಎಷ್ಟು ಬಿದ್ದಿದೆ? ಎರೆಹುಳು ಹೋದದ್ದು ಅದರಿಂದಲೇ?

"ಎರಡನೆಯದು ನನಗೆ ಗೊತ್ತಿಲ್ಲ" ಎಂದು ಮೊದಲೇ ಹೇಳಿಬಿಟ್ಟೆ. ಐದು ನಿಮಿಷ ಮಾತಾಡಿ ಕೊನೆಗೆ ಹೇಳಿದರೆ ಸಿಕ್ಕಿಬಿದ್ದು ಒಪ್ಪಿಕೊಂಡ ಹಾಗೆ ಕೇಳಿಸುತ್ತದೆ. "ಮೊದಲನೆಯದು ಲೆಕ್ಕ ಹಾಕೋಣ, ಬನ್ನಿ" ಎಂದು ಬೋರ್ಡಿನ ಕಡೆ ತಿರುಗಿದೆ.

ಅಂಕಿಯೆಲ್ಲ ಅವರದ್ದೇ. ಒಂದು ಎಕ್ರೆ, ಒಂದು ಸಲಕ್ಕೆ 200 ಲೀಟರಿನ ಮೂರು ಡ್ರಮ್, ವರ್ಷಕ್ಕೆ ಎರಡು ಸಲ. ಶೇಕಡಾ 1ರ ದ್ರಾವಣಕ್ಕೆ ಡ್ರಮ್ಮಿಗೆ 2 ಕಿಲೋ ಮೈಲುತುತ್ತು, ಅಂದರೆ ವರ್ಷಕ್ಕೆ 12 ಕಿಲೋ. ಮೈಲುತುತ್ತಿನ ಕಾಲು ಭಾಗ ಮಾತ್ರ ತಾಮ್ರ, ಹಾಗಾಗಿ 3 ಕಿಲೋ. ಮೂವತ್ತು ವರ್ಷಕ್ಕೆ 90 ಕಿಲೋ. ಎಕ್ರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಎಲ್ಲವೂ ಅಲ್ಲೇ ಉಳಿದರೆ ಒಂದು ಕಿಲೋ ಮಣ್ಣಿಗೆ 100 ಮಿಲಿಗ್ರಾಂ. ಗೊನೆಯ ಜೊತೆ ಹೋದದ್ದು, ಮಳೆಗೆ ಕೊಚ್ಚಿಹೋದದ್ದು ಕಳೆದರೆ ಇನ್ನೂ ಕಡಿಮೆ. ಆದರೆ ತಾಮ್ರ ಕೊಳೆತು ಮಾಯವಾಗುವ ವಸ್ತುವಲ್ಲ.

ಅಲ್ಲಿಗೆ ನಿಲ್ಲಿಸಿದೆ. ಆದರೆ ಇನ್ನೊಬ್ಬರು ಬಿಡಲಿಲ್ಲ: "ಅಂದಾಜಿಗಾದರೂ ಹೇಳಿ, ಎರೆಹುಳಕ್ಕೆ ತೊಂದರೆ ಇದೆಯಾ?" ಕಾಲು ಜಾರುವುದೇ ಇಲ್ಲಿ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬೋರ್ಡೋ ಹೊಡೆದು ಹೊಡೆದು ತಾಮ್ರ ಸೇರಿಕೊಂಡಿದೆ, ಜಾಸ್ತಿ ತಾಮ್ರ ಎರೆಹುಳಕ್ಕೆ ಕೆಡುಕು ಎನ್ನುವುದು ಗೊತ್ತಿರುವ ವಿಷಯ. ಅಷ್ಟು ಹೇಳಿದೆ. "ನಮ್ಮ ಹುಳಿ ಮಣ್ಣು, ನಮ್ಮ ಮಳೆ ಬೇರೆ. ಅಲ್ಲಿಯದನ್ನು ತಂದು ಇಲ್ಲಿ ಹೇಳಲಾರೆ. ನಾನು ಅಂದಾಜು ಹೇಳಿದರೆ ನಾಳೆ ಬೆಳಿಗ್ಗೆಯೊಳಗೆ 'ಮಾಸ್ಟ್ರು ಹೇಳಿದ್ದಾರೆ' ಅಂತ ಪೆರ್ಲ ತಲುಪುತ್ತದೆ, ಅಲ್ವಾ?" ಎಲ್ಲರೂ ನಕ್ಕರು. ಪ್ರಶ್ನೆಯನ್ನೂ ಅವರ ಫೋನ್ ನಂಬರನ್ನೂ ಅವರ ಎದುರಿಗೇ ಪುಸ್ತಕದಲ್ಲಿ ಬರೆದುಕೊಂಡೆ. "ನೋಡಿ ಹೇಳುತ್ತೇನೆ" ಎಂದರೆ ಯಾರೂ ನಂಬುವುದಿಲ್ಲ, ಆದ್ದರಿಂದ "ಬರುವ ಭಾನುವಾರ ನಿಮ್ಮ ತೋಟಕ್ಕೆ ಬರುತ್ತೇನೆ" ಎಂದೆ.

ಹೋದೆ. ಮರದ ಬುಡಗಳಿಂದ ಒಂದು ಮಾದರಿ, ಬೋರ್ಡೋ ಬೀಳದ ಗುಡ್ಡದ ಬದಿಯಿಂದ ಇನ್ನೊಂದು. ಎರಡನೆಯದು ಇಲ್ಲದಿದ್ದರೆ ಮೊದಲನೆಯದರ ಅಂಕಿ ಜಾಸ್ತಿಯೋ ಕಡಿಮೆಯೋ ತಿಳಿಯುವುದಿಲ್ಲ. ಕೃಷಿಭವನದ ಮೂಲಕ ಕಳಿಸಿದೆವು. ವರದಿಯಲ್ಲಿ ತೋಟದ ಮಣ್ಣಿನ ತಾಮ್ರ ಸ್ಪಷ್ಟವಾಗಿ ಜಾಸ್ತಿ ಇತ್ತು. ಆದರೆ ಅಂಥ ಪರೀಕ್ಷೆ ಹೇಳುವುದು ಗಿಡ ಹೀರಿಕೊಳ್ಳಬಲ್ಲ ತಾಮ್ರವನ್ನು ಮಾತ್ರ, ಮಣ್ಣಿನಲ್ಲಿರುವ ಒಟ್ಟು ತಾಮ್ರವನ್ನಲ್ಲ. ಹಾಗಾಗಿ ನನ್ನ 100 ಮಿಲಿಗ್ರಾಂ ಜೊತೆ ಅದನ್ನು ಹೋಲಿಸುವ ಹಾಗಿಲ್ಲ. ಇದನ್ನೂ ಅವರಿಗೆ ಹೇಳಿದೆ.

"ಹಾಗಾದರೆ ಎರೆಹುಳು?" ಎಂದರು.

"ಅದು ಇನ್ನೂ ಗೊತ್ತಿಲ್ಲ. ನೀವು ಹುಲ್ಲಿಗೆ ಮದ್ದು ಹೊಡೀತೀರಾ?"

"ಹ್ಞಾಂ, ಹತ್ತು ವರ್ಷದಿಂದ."

ಪುಸ್ತಕ ತೆಗೆದು ಆ ಪ್ರಶ್ನೆಯ ಕೆಳಗೆ ಅದನ್ನೂ ಬರೆದುಕೊಂಡೆ.