ಹಳೇ ಫೋಟೊದಲ್ಲಿ ಸಿಕ್ಕ ಏಳು ಅಕ್ಷರ: ಕಳುವಾದ ಲ್ಯಾಪ್‌ಟಾಪ್‌ಗೆ ಕ್ಲೇಮ್ ಪತ್ರ ಬರೆದ ನನ್ನ ಅನುಭವ

ಹಿಂದಿನ ಬಾಗಿಲ ಚಿಲಕ ಮುರಿದು ಒಳಗೆ ಬಂದವರು ನನ್ನ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದರು. ಮನೆಯ ಸಾಮಾನಿಗೆಲ್ಲ ಸೇರಿಸಿ ವಿಮೆ ಮಾಡಿಸಿದ್ದೆ. ಹಾಗಾಗಿ ಪೊಲೀಸ್ ದೂರು ಕೊಟ್ಟ ದಿನವೇ ವಿಮಾ ಕಂಪನಿಗೂ ಫೋನ್ ಮಾಡಿದೆ. ಅವರು ಕ್ಲೇಮ್ ನಂಬರ್ ಕೊಟ್ಟು, "ಮಾಡೆಲ್, ಸೀರಿಯಲ್ ನಂಬರ್ ಬರೆದು ಒಂದು ಪತ್ರ ಕಳಿಸಿ" ಅಂದರು. ಅಲ್ಲೇ ಸಿಕ್ಕಿಬಿದ್ದೆ.

ಬಿಲ್ ಇತ್ತು. ಆದರೆ ಅದರಲ್ಲಿ ಇದ್ದದ್ದು "ಲ್ಯಾಪ್‌ಟಾಪ್, 14 ಇಂಚು" ಅಂತ ಮಾತ್ರ. ನಂಬರ್ ಅಂಟಿಸಿದ್ದ ಡಬ್ಬ ಎಸೆದು ಎಷ್ಟೋ ಕಾಲ ಆಗಿತ್ತು. ಆಮೇಲೆ ನೆನಪಾಯಿತು: 2021ರಲ್ಲಿ ರ‍್ಯಾಮ್ ಹೆಚ್ಚಿಸಬೇಕು ಅಂತ ಲ್ಯಾಪ್‌ಟಾಪ್ ಮಗುಚಿ ಹಾಕಿ, ಬುಡದ ಫೋಟೊ ತೆಗೆದು, ರಿಪೇರಿ ಕೆಲಸ ಗೊತ್ತಿರುವ ಒಬ್ಬ ಗೆಳೆಯನಿಗೆ ಕಳಿಸಿದ್ದೆ. ಯಾವ ರ‍್ಯಾಮ್ ತರಬೇಕು ಅಂತ ಕೇಳೋದಕ್ಕೆ. ಆ ವಾಟ್ಸ್ಆ್ಯಪ್ ಮಾತುಕತೆ ಇನ್ನೂ ಉಳಿದಿತ್ತು. ಫೋಟೊ ತೆರೆದು ಹಿಗ್ಗಿಸಿದೆ. ಬುಡದ ಲೇಬಲ್ ಕಾಣಿಸಿತು. ನನ್ನದು ಡೆಲ್ ಲ್ಯಾಪ್‌ಟಾಪ್, ಅದರಲ್ಲಿ ಸೀರಿಯಲ್ ನಂಬರಿಗೆ ಸರ್ವಿಸ್ ಟ್ಯಾಗ್ ಅಂತಾರೆ. ಹಾಗೆ ಬರೆದಿದ್ದ ಕಡೆ 6K84TN2 ಅಂತ ಓದಿಕೊಂಡೆ. ಖುಷಿಯಲ್ಲಿ ತಕ್ಷಣ ಪೊಲೀಸ್ ಠಾಣೆಗೆ ಹೋಗಿ ಅದನ್ನೇ ದೂರಿಗೆ ಸೇರಿಸಿ ಬಂದೆ. (ಇಲ್ಲಿ ನನ್ನ ನಿಜವಾದ ನಂಬರ್ ಬದಲಿಸಿದ್ದೇನೆ. ಲೆಕ್ಕ ಮಾತ್ರ ಈ ನಂಬರಿಗೆ ಸರಿಯಾಗಿಯೇ ಇದೆ.)

ಆತುರ ಪಟ್ಟಿದ್ದೆ. ಡೆಲ್ ಕಂಪನಿಯ ಸಪೋರ್ಟ್ ಪುಟದಲ್ಲಿ ಆ ಟ್ಯಾಗ್ ಹಾಕಿ ನೋಡಿದರೆ, ಅಂಥ ಯಂತ್ರವೇ ಸಿಗಲಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸಿದರೆ ಸಾಮಾನ್ಯವಾಗಿ ಅದು ಕುಗ್ಗುತ್ತೆ. ಮುಖ, ಮರ, ಮನೆ ಇದ್ದರೆ ವ್ಯತ್ಯಾಸ ಗೊತ್ತಾಗಲ್ಲ. ಸಣ್ಣ ಅಕ್ಷರ ಇದ್ದರೆ ಅಂಚುಗಳು ಕಲಸಿ ಹೋಗುತ್ತವೆ. B ಅಕ್ಷರದ ಎಡಗಡೆಯ ನೇರ ಗೆರೆ ಮೆತ್ತಗಾಗಿ ದುಂಡಗೆ ಕಂಡರೆ ಅದೇ 8 ಆಗಿಬಿಡುತ್ತೆ. ಫೋಟೊ ತೆಗೆದ ದಿನ, ಸಮಯ ಕೂಡ ಆ ಪ್ರತಿಯಲ್ಲಿ ಉಳಿಯಲ್ಲ. ಹಾಗಾಗಿ ಮೂಲ ಫೋಟೊವೇ ಬೇಕಿತ್ತು. ಬಳಸದೆ ಇಟ್ಟಿದ್ದ ಹಳೇ ಫೋನಿಗೆ ಚಾರ್ಜ್ ಹಾಕಿ ಹುಡುಕಿದೆ. ಸಿಕ್ಕಿತು. ಮೊದಲು ಅದನ್ನು ಮುಟ್ಟದೆ ಹಾಗೇ ಎರಡು ಕಡೆ ಕಾಪಿ ಮಾಡಿಟ್ಟೆ. ಕತ್ತರಿಸೋದು, ತಿರುಗಿಸೋದು, ಬೆಳಕು ಕಮ್ಮಿ ಮಾಡೋದು ಎಲ್ಲ ಇನ್ನೊಂದು ಕಾಪಿ ಮೇಲೆ.

ಮೂಲ ಫೋಟೊದಲ್ಲಿ ಮೂರನೇ ಅಕ್ಷರದ ಎಡಗಡೆ ಸ್ವಲ್ಪ ನೆಟ್ಟಗೆ ಕಾಣುತ್ತಿತ್ತು. ಬಿಳಿಯನ್ನು ಕಪ್ಪು, ಕಪ್ಪನ್ನು ಬಿಳಿ ಮಾಡಿ ನೋಡಿದೆ, ಇನ್ನೂ ಸ್ವಲ್ಪ ಸ್ಪಷ್ಟವಾಯಿತು. B ಇರಬೇಕು ಅನ್ನಿಸಿತು. ಆದರೆ "ಅನ್ನಿಸಿತು" ಅನ್ನೋದನ್ನ ಕ್ಲೇಮ್ ಪತ್ರದಲ್ಲಿ ಬರೆಯೋಕೆ ಆಗುತ್ತಾ? ಫೋಟೊ ಚೊಕ್ಕ ಮಾಡಿಕೊಡುವ ಆ್ಯಪ್‌ಗಳಿವೆ, ಅವನ್ನು ಬೇಕೆಂದೇ ಬಳಸಲಿಲ್ಲ. ಅವು ಇಲ್ಲದ ಅಂಚನ್ನು ಊಹಿಸಿ ತುಂಬುತ್ತವೆ. ಆಗ ಅಕ್ಷರ ತಪ್ಪಾಗಿದ್ದರೂ ಅಚ್ಚುಕಟ್ಟಾಗಿ ಕಾಣುತ್ತೆ.

ದಾರಿ ಸಿಕ್ಕಿದ್ದು ಅದೇ ಲೇಬಲ್‌ನಲ್ಲಿ. ಡೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸರ್ವಿಸ್ ಟ್ಯಾಗ್ ಪಕ್ಕದಲ್ಲಿ ಎಕ್ಸ್‌ಪ್ರೆಸ್ ಸರ್ವಿಸ್ ಕೋಡ್ ಅಂತ ಇನ್ನೊಂದು ಉದ್ದ ನಂಬರ್ ಇರುತ್ತೆ. ಬರೀ ಅಂಕಿ, ಫೋನಿನಲ್ಲಿ ಒತ್ತೋಕೆ ಸುಲಭವಾಗಲಿ ಅಂತ. ಅದು ಬೇರೆ ನಂಬರ್ ಅಲ್ಲ. ಟ್ಯಾಗನ್ನೇ 36ರ ಲೆಕ್ಕದಿಂದ ನಮ್ಮ ಮಾಮೂಲಿ ಹತ್ತರ ಲೆಕ್ಕಕ್ಕೆ ತಂದರೆ ಸಿಗುವ ಸಂಖ್ಯೆ. 0ಯಿಂದ 9ರವರೆಗೆ ಹತ್ತು ಅಂಕಿ, A ಅಂದರೆ 10, B ಅಂದರೆ 11, ಹೀಗೇ ಹೋಗಿ Z ಅಂದರೆ 35. ಬಲದಿಂದ ಎಡಕ್ಕೆ ಹೋದ ಹಾಗೆ ಪ್ರತಿ ಜಾಗದ ಬೆಲೆ 36 ಪಟ್ಟು ಜಾಸ್ತಿ. ಅಂದರೆ ಒಂದೇ ನಂಬರನ್ನು ಎರಡು ರೀತಿ ಅಚ್ಚು ಹಾಕಿರುತ್ತಾರೆ. ಒಂದರಲ್ಲಿ ಅಕ್ಷರ ಮಸುಕಾಗಿದ್ದರೆ ಇನ್ನೊಂದು ಸಾಕ್ಷಿ ಹೇಳುತ್ತೆ.

ನನ್ನ ಫೋಟೊದಲ್ಲಿ ಆ ಕೋಡ್ 142-887-183 ವರೆಗೆ ಕಾಣುತ್ತಿತ್ತು. ಕೊನೆಯ ಎರಡು ಅಂಕಿ ದೀಪದ ಹೊಳಪಿನಲ್ಲಿ ಮುಚ್ಚಿಹೋಗಿದ್ದವು. 8 ಇರುವ ಟ್ಯಾಗ್, B ಇರುವ ಟ್ಯಾಗ್ ಎರಡನ್ನೂ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹಾಕಿ ನೋಡಿದೆ:

```
>>> int("6K84TN2", 36)
14283679502
>>> int("6KB4TN2", 36)
14288718350
```

8 ಆಗಿದ್ದರೆ ಕೋಡ್ 142-836-795 ಅಂತ ಶುರುವಾಗಬೇಕು. B ಆಗಿದ್ದರೆ 142-887-183. ಎಡದಿಂದ ಮೂರನೇ ಜಾಗದ ಬೆಲೆ 1679616. 8ಕ್ಕೂ 11ಕ್ಕೂ ಮೂರು ವ್ಯತ್ಯಾಸ, ಹಾಗಾಗಿ ಕೋಡ್‌ನಲ್ಲಿ ಐವತ್ತು ಲಕ್ಷದಷ್ಟು ಅಂತರ ಬೀಳುತ್ತೆ. ಕಣ್ಣು ಅಷ್ಟು ದೊಡ್ಡ ತಪ್ಪು ಮಾಡೋಕೆ ಸಾಧ್ಯವಿಲ್ಲ. 183 ಇದ್ದ ಜಾಗದಲ್ಲಿ 795 ಅಂತ ಓದೋಕೆ ಆಗಲ್ಲ. ಮೂರನೇ ಅಕ್ಷರ B, ಅನುಮಾನವೇ ಉಳಿಯಲಿಲ್ಲ.

ಆದರೆ ಇದಕ್ಕೂ ಒಂದು ಮಿತಿ ಇದೆ. ಕೋಡ್‌ನ ಕೊನೆಯ ಎರಡು ಅಂಕಿ ಕಾಣದಿದ್ದರೆ, ಟ್ಯಾಗ್‌ನ ಕೊನೆಯ ಎರಡು ಅಕ್ಷರಕ್ಕೆ ಪೂರ್ತಿ ಸಾಕ್ಷಿ ಸಿಗಲ್ಲ. ಕೊನೆಯದು 2 ಬದಲು Z ಆಗಿದ್ದರೂ ಕೋಡ್ 142-887-183 ಅಂತಲೇ ಬರುತ್ತೆ. ಅದೃಷ್ಟಕ್ಕೆ ಆ ಎರಡು ಅಕ್ಷರ ಫೋಟೊದಲ್ಲಿ ಸ್ಪಷ್ಟವಾಗಿದ್ದವು. ಮತ್ತೆ ಸಪೋರ್ಟ್ ಪುಟದಲ್ಲಿ 6KB4TN2 ಹಾಕಿದಾಗ ಲ್ಯಾಟಿಟ್ಯೂಡ್ 5490, 8 ಜಿಬಿ ರ‍್ಯಾಮ್ ಅಂತ ಬಂತು. ನಾನು ಕೊಂಡಾಗ ಇದ್ದದ್ದು ಅದೇ. ಆ ಪುಟವನ್ನು ಪ್ರಿಂಟ್ ತೆಗೆದುಕೊಂಡೆ.

ಮಾಡೆಲ್ ವಿಷಯದಲ್ಲೂ ಇನ್ನೊಂದು ತಪ್ಪು ಸ್ವಲ್ಪದರಲ್ಲಿ ತಪ್ಪಿತು. ಲೇಬಲ್ ಮೇಲೆ ದಪ್ಪಗೆ ಕಾಣುತ್ತಿದ್ದದ್ದು P72G. ಅದನ್ನೇ ಮಾಡೆಲ್ ಅಂತ ಬರೆಯುವವನಿದ್ದೆ. ಅದು ರೆಗ್ಯುಲೇಟರಿ ಮಾಡೆಲ್, ಅಂದರೆ ಸುರಕ್ಷತೆಯ ಪರೀಕ್ಷೆ, ಅನುಮತಿಗೆ ಕೊಡುವ ಗುರುತು. ಲ್ಯಾಟಿಟ್ಯೂಡ್ 5480ಕ್ಕೂ ಅದೇ P72G. ಬರೀ ಅದನ್ನು ಬರೆದರೆ ಹಿಂದಿನ ವರ್ಷದ ಹಳೇ ಯಂತ್ರದ ಬೆಲೆ ಕಟ್ಟಬಹುದು. ಅದಕ್ಕೇ ಅಂಗಡಿಯಲ್ಲಿ ಕೇಳಿದರೆ ಗೊತ್ತಾಗುವ ಹೆಸರನ್ನು ಮೊದಲು ಬರೆದು, ಲೇಬಲ್‌ನ ಗುರುತನ್ನು ಪಕ್ಕದಲ್ಲಿ ಇಟ್ಟೆ.

ಈಗ ಪತ್ರ. ಬರೆಯೋ ಮುಂಚೆ ಮತ್ತೆ ಠಾಣೆಗೆ ಹೋದೆ. ದೂರಿನಲ್ಲಿ 8, ಪತ್ರದಲ್ಲಿ B ಇದ್ದರೆ ವಿಮೆಯವರು ಅದನ್ನು ಎರಡು ಬೇರೆ ಲ್ಯಾಪ್‌ಟಾಪ್ ಅಂತ ನೋಡುತ್ತಾರೆ, ಅದು ಅವರ ಕೆಲಸ. ಅಲ್ಲಿದ್ದವರು ಫೋಟೊ, ಲೆಕ್ಕ ಎರಡನ್ನೂ ನೋಡಿ, "ಒಂದು ತಿದ್ದುಪಡಿ ಅರ್ಜಿ ಬರೆದುಕೊಡಿ ಸರ್, ಹಳೇದನ್ನ ಹೊಡೆದು ಹಾಕೋ ಹಾಗಿಲ್ಲ" ಅಂದರು. ಬರೆದುಕೊಟ್ಟು ಸೀಲ್ ಹಾಕಿದ ಪ್ರತಿ ತಂದೆ. ಅದಾದ ಮೇಲೆ ಬರೆದ ಪತ್ರ ಇದು:

ವಿಷಯ: ಕಳುವಾದ ಲ್ಯಾಪ್‌ಟಾಪ್‌ನ ವಿವರ. ಪಾಲಿಸಿ ನಂಬರ್, ಕ್ಲೇಮ್ ನಂಬರ್, ಪೊಲೀಸ್ ದೂರಿನ ನಂಬರ್ ಮತ್ತು ದಿನಾಂಕ ಮೇಲೆ ಕೊಟ್ಟಂತೆ.

ಮಾನ್ಯರೇ,

ನನ್ನ ಮನೆಯ ಹಿಂಬಾಗಿಲ ಚಿಲಕ ಮುರಿದು ಕಳವು ಮಾಡಿರುವ ಲ್ಯಾಪ್‌ಟಾಪ್‌ನ ವಿವರ ಹೀಗಿದೆ. ಡೆಲ್ ಲ್ಯಾಟಿಟ್ಯೂಡ್ 5490, 14 ಇಂಚು, ಕಪ್ಪು ಬಣ್ಣ. ಲೇಬಲ್ ಮೇಲಿನ ರೆಗ್ಯುಲೇಟರಿ ಮಾಡೆಲ್ P72G. ಸರ್ವಿಸ್ ಟ್ಯಾಗ್, ಅಂದರೆ ಸೀರಿಯಲ್ ನಂಬರ್, 6KB4TN2.

ಈ ನಂಬರನ್ನು ನಾನು 2021ರಲ್ಲಿ ನನ್ನ ಫೋನಿನಿಂದ ತೆಗೆದ ಲೇಬಲ್‌ನ ಫೋಟೊದಿಂದ ಓದಿದ್ದೇನೆ. ಮೂರನೇ ಅಕ್ಷರ ಮಸುಕಾಗಿದೆ. ಅದೇ ಫೋಟೊದಲ್ಲಿ ಕಾಣುವ ಎಕ್ಸ್‌ಪ್ರೆಸ್ ಸರ್ವಿಸ್ ಕೋಡ್‌ನ ಮೊದಲ ಒಂಬತ್ತು ಅಂಕಿ 142-887-183. ಇದು B ಇದ್ದರೆ ಹೊಂದುತ್ತದೆ, 8 ಇದ್ದರೆ ಹೊಂದುವುದಿಲ್ಲ. ಕೋಡ್‌ನ ಕೊನೆಯ ಎರಡು ಅಂಕಿ ಫೋಟೊದಲ್ಲಿ ಕಾಣುವುದಿಲ್ಲ.

ದೂರಿನಲ್ಲಿ ಮೊದಲು 6K84TN2 ಎಂದು ತಪ್ಪಾಗಿ ಬರೆಸಿದ್ದೆ. ಕುಗ್ಗಿದ ಪ್ರತಿಯಿಂದ ಓದಿದ್ದು ಅದಕ್ಕೆ ಕಾರಣ. ತಿದ್ದುಪಡಿ ಅರ್ಜಿಯ ಪ್ರತಿ ಲಗತ್ತಿಸಿದ್ದೇನೆ.

ಬಿಲ್‌ನಲ್ಲಿ ಸೀರಿಯಲ್ ನಂಬರ್ ಇಲ್ಲ. ಕೊಂಡಾಗ 8 ಜಿಬಿ ರ‍್ಯಾಮ್ ಇತ್ತು, ನಂತರ ನಾನು ಇನ್ನೊಂದು 8 ಜಿಬಿ ಸೇರಿಸಿದ್ದೇನೆ. ಎರಡೂ ರ‍್ಯಾಮ್ ಕಾಣುವ ಫೋಟೊ ಇದೆ.

ಲಗತ್ತು: ಬಿಲ್, ದೂರು ಮತ್ತು ತಿದ್ದುಪಡಿ, ಲೇಬಲ್‌ನ ಪೂರ್ತಿ ಫೋಟೊ ಮತ್ತು ಹಿಗ್ಗಿಸಿದ ಭಾಗ, ರ‍್ಯಾಮ್ ಫೋಟೊ, ಸಪೋರ್ಟ್ ಪುಟದ ಪ್ರಿಂಟ್, ಮುರಿದ ಚಿಲಕದ ಫೋಟೊ. ಮೂಲ ಫೋಟೊ ಫೈಲ್ ನನ್ನ ಬಳಿ ಇದೆ, ಕೇಳಿದರೆ ಕೊಡುತ್ತೇನೆ.

ಇಂತಿ, (ಸಹಿ)

ತಪ್ಪು ಬರೆಸಿದ್ದನ್ನು ಪತ್ರದಲ್ಲಿ ಹೇಳಬೇಕಾ ಅಂತ ಮನೆಯಲ್ಲಿ ಚರ್ಚೆಯಾಯಿತು. ತಿದ್ದುಪಡಿ ಪ್ರತಿ ಹೇಗೂ ಹೋಗುತ್ತಲ್ಲ, ಸುಮ್ನೆ ಯಾಕೆ ಅಂತ ಹೆಂಡತಿ ಕೇಳಿದಳು. ನನಗೆ ಹೇಳೋದೇ ಸರಿ ಅನ್ನಿಸಿತು. ಕಡತ ನೋಡುವವರಿಗೆ ಎರಡು ನಂಬರ್ ಕಂಡೇ ಕಾಣುತ್ತೆ. ಕಾರಣ ಪಕ್ಕದಲ್ಲೇ ಇದ್ದರೆ ಅವರು ಫೋನ್ ಮಾಡಿ ಕೇಳೋ ಅಗತ್ಯ ಬೀಳಲ್ಲ. ಬರೀ ಕತ್ತರಿಸಿದ ತುಂಡು ಕಳಿಸದೆ ಪೂರ್ತಿ ಫೋಟೊ ಕೂಡ ಇಟ್ಟದ್ದೂ ಅದಕ್ಕೇ. ಪೂರ್ತಿ ಫೋಟೊದಲ್ಲಿ ನನ್ನ ಮೇಜು, ಲ್ಯಾಪ್‌ಟಾಪ್ ಮೂಲೆಯಲ್ಲಿದ್ದ ಗೀರು ಕಾಣುತ್ತೆ. ಅದು ನನ್ನ ಕೈಯಲ್ಲೇ ಇತ್ತು ಅನ್ನೋದಕ್ಕೆ ಆಧಾರ.

ನಷ್ಟ ಪರಿಶೀಲಿಸೋಕೆ ವಿಮೆಯ ಕಡೆಯಿಂದ ಸರ್ವೇಯರ್ ಬಂದಾಗ ಚಿಲಕ ನೋಡಿದರು, ಆಮೇಲೆ ಮೂಲ ಫೈಲ್ ಕೇಳಿದರು. ಹಳೇ ಫೋನನ್ನೇ ಕೈಗೆ ಕೊಟ್ಟೆ. ಫೋಟೊ ತೆಗೆದ ದಿನಾಂಕ ತೆರೆದು ನೋಡಿ ತಮ್ಮ ಹಾಳೆಯಲ್ಲಿ ಬರೆದುಕೊಂಡರು. ಮೂರನೇ ಅಕ್ಷರದ ಬಗ್ಗೆ ಒಂದೇ ಪ್ರಶ್ನೆ: "ಈ ಲೆಕ್ಕ ನಾನೂ ಮಾಡಿ ನೋಡಬಹುದಾ?" ಕಾಗದದ ಮೇಲೆ ಏಳು ಜಾಗದ ಬೆಲೆ ಬರೆದುಕೊಟ್ಟೆ. ಅವರು ತಮ್ಮ ಕ್ಯಾಲ್ಕ್ಯುಲೇಟರ್‌ನಲ್ಲಿ ಕೂಡಿಸಿ ನೋಡಿದರು. ಅದೇ ಮೊತ್ತ ಬಂತು.

ಕ್ಲೇಮ್ ಪಾಸಾಯಿತು. ಪಾಲಿಸಿಯಲ್ಲಿ ನಾನೇ ಭರಿಸಬೇಕಾದ ಮೊತ್ತ, ವರ್ಷಗಳ ಸವಕಳಿ ಎರಡನ್ನೂ ಕಳೆದು ಕೊಟ್ಟರು. ಸೇರಿಸಿದ ರ‍್ಯಾಮ್‌ಗೆ ಬಿಲ್ ಇಲ್ಲದ್ದರಿಂದ ಅದನ್ನು ಬಿಟ್ಟರು. ಫೋಟೊ ಇದ್ದರೂ ಬೆಲೆಗೆ ಆಧಾರ ಬೇಕು ಅಂದರು, ಅದು ನ್ಯಾಯವೇ. ಲ್ಯಾಪ್‌ಟಾಪ್ ಇನ್ನೂ ಸಿಕ್ಕಿಲ್ಲ. ಯಾರಾದರೂ ಅದನ್ನು ಎಲ್ಲಾದರೂ ಮಗುಚಿ ನೋಡಿದರೆ, ಠಾಣೆಯ ತಿದ್ದುಪಡಿಯಲ್ಲಿ ಈಗ ಸರಿಯಾದ 6KB4TN2 ಇದೆ.